ಒಂದು ಘನ ಮೀಟರ್ ಇಟ್ಟಿಗೆ ಕೆಲಸಕ್ಕೆ ದರ ಕಟ್ಟುವುದು: ಇಟ್ಟಿಗೆ, ಗಾರೆ, ಕೂಲಿ, ವೇಸ್ಟೇಜ್

ಒಂದು ಘನ ಮೀಟರ್ ಗೋಡೆಗೆ ಎಷ್ಟು ಇಟ್ಟಿಗೆ ಬೇಕು? ಮೂವರು ಇಂಜಿನಿಯರುಗಳನ್ನು ಕೇಳಿ ನೋಡಿ. ಒಬ್ಬರು 500 ಅನ್ನುತ್ತಾರೆ. ಇನ್ನೊಬ್ಬರು 494 ಅನ್ನುತ್ತಾರೆ. ಮೂರನೆಯವರು ಕ್ಯಾಲ್ಕುಲೇಟರ್ ಒತ್ತಿ 473 ಅನ್ನುತ್ತಾರೆ. ಮೂವರೂ ತಪ್ಪು ಹೇಳುತ್ತಿಲ್ಲ. ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಅಳತೆಯ ಇಟ್ಟಿಗೆ ಇದೆ, ಗೋಡೆಯನ್ನು ಅಳೆಯುವ ಒಂದೊಂದು ರೀತಿಯೂ ಇದೆ. ನಿಮ್ಮ ಸೈಟಿನಲ್ಲಿ ಇಳಿದಿರುವ ಇಟ್ಟಿಗೆ ಯಾವುದು, ಬಿಲ್ಲಿನಲ್ಲಿ ಗೋಡೆಯ ದಪ್ಪ ಎಷ್ಟು ಅಂತ ಬರೆಯುತ್ತಾರೆ ಅನ್ನುವುದು ಗೊತ್ತಾಗುವವರೆಗೆ ದರ ಕಟ್ಟಲು ಕೂರಬೇಡಿ.

ಇಲ್ಲಿ ಒಂದೇ ಒಂದು ಕೆಲಸವನ್ನು ಹಿಡಿದು ಲೆಕ್ಕ ಮಾಡೋಣ. ತುಮಕೂರಿನ ಕಡೆ ಒಂದು ಮನೆ, ನೆಲ ಅಂತಸ್ತು, ಜನ ಒಂಬತ್ತಿಂಚಿನ ಗೋಡೆ ಅನ್ನುವ ಹೊರಗೋಡೆ. ಇಟ್ಟಿಗೆ ನಮ್ಮ ಕಡೆಯ ಸುಟ್ಟ ಮಣ್ಣಿನ ಇಟ್ಟಿಗೆ. ಗಾರೆ 1:6, ಅಂದರೆ ಒಂದು ಪಾಲು ಸಿಮೆಂಟ್, ಆರು ಪಾಲು ಎಂ-ಸ್ಯಾಂಡ್. ರೂಪಾಯಿಗಳನ್ನು ಲೆಕ್ಕಕ್ಕೆಂದು ಹಿಡಿದಿದ್ದೇನೆ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಪ್ರಮಾಣಗಳ ಕಡೆ ಮಾತ್ರ ಗಮನ ಕೊಡಿ, ಯಾಕೆಂದರೆ ತಪ್ಪಾಗುವುದು ಅಲ್ಲೇ.

ಮೊದಲು ಇಟ್ಟಿಗೆ ಅಳೆಯಿರಿ

ಒಂದು ಇಟ್ಟಿಗೆಗೆ ಟೇಪ್ ಹಿಡಿದರೆ ಏನೂ ಗೊತ್ತಾಗುವುದಿಲ್ಲ. ಗೂಡಿನಲ್ಲಿ ಬೆಂಕಿಯ ಹತ್ತಿರ ಇದ್ದದ್ದು ಸ್ವಲ್ಪ ಕುಗ್ಗಿರುತ್ತದೆ, ದೂರ ಇದ್ದದ್ದು ದೊಡ್ಡದಿರುತ್ತದೆ. ಅದಕ್ಕೇ ಐಎಸ್ 1077 ಮಾನಕದಲ್ಲಿ 20 ಇಟ್ಟಿಗೆಗಳನ್ನು ಸಾಲಾಗಿಟ್ಟು ಒಟ್ಟಿಗೆ ಅಳೆಯುವ ಪದ್ಧತಿ ಇದೆ. ಅಟ್ಟಿಯ ಬೇರೆ ಬೇರೆ ಕಡೆಯಿಂದ 20 ಇಟ್ಟಿಗೆ ಎತ್ತಿಕೊಳ್ಳಿ. ಮೈಮೇಲಿನ ಗಂಟುಗಳನ್ನು ಕರಣೆಯಿಂದ ಕೆರೆದು, ಸಮ ನೆಲದ ಮೇಲೆ ಒಂದಕ್ಕೊಂದು ತಾಗುವಂತೆ ಉದ್ದಕ್ಕೆ ಜೋಡಿಸಿ ಅಳೆಯಿರಿ. ಆಮೇಲೆ ಅಗಲಕ್ಕೆ, ಕೊನೆಗೆ ಎತ್ತರಕ್ಕೆ.

ನಮ್ಮ ಸೈಟಿನಲ್ಲಿ ಉದ್ದದ ಸಾಲು 4.40 ಮೀಟರ್ ಬಂತು, ಅಗಲದ್ದು 2.10, ಎತ್ತರದ್ದು 1.40. ಇಪ್ಪತ್ತರಿಂದ ಭಾಗಿಸಿದರೆ ಒಂದು ಇಟ್ಟಿಗೆ 220 x 105 x 70 ಮಿಲಿಮೀಟರ್. ಬಿಲ್ಲಿನಲ್ಲಿ "9 x 4½ x 3" ಅಂತ ಬರೆದಿತ್ತು. ಇಂಚಿನ ಆ ಲೆಕ್ಕಕ್ಕೆ 229 x 114 x 76 ಇರಬೇಕು. ಮೂರೂ ಕಡೆ ಕಡಿಮೆ ಇದೆ.

ಈಗ ಗೋಡೆಗೆ ಬನ್ನಿ. ಒಂದು ಇಟ್ಟಿಗೆ ದಪ್ಪದ ಗೋಡೆಯಲ್ಲಿ ಇಟ್ಟಿಗೆಯನ್ನು ಅಡ್ಡಕ್ಕೆ ಇಟ್ಟರೆ ಅದರ ಉದ್ದವೇ ಗೋಡೆಯ ದಪ್ಪ, 220. ಉದ್ದಕ್ಕೆ ಎರಡು ಇಟ್ಟಿಗೆ ಪಕ್ಕಪಕ್ಕ ಇಟ್ಟರೆ 105, ನಡುವೆ 10 ಮಿಮೀ ಸಂದು, ಮತ್ತೆ 105. ಅದೂ 220. ಅಂದರೆ ಪ್ಲಾಸ್ಟರ್ ಮಾಡುವ ಮೊದಲು ಈ ಗೋಡೆ 220 ಮಿಮೀ ದಪ್ಪ. 230 ಅಲ್ಲ.

ಈ ಹತ್ತು ಮಿಲಿಮೀಟರ್‌ನಲ್ಲೇ 473 ಮತ್ತು 494ರ ಜಗಳ ಇರುವುದು. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಹೀಗೆ: ಇಟ್ಟಿಗೆಯ ಮೂರೂ ಅಳತೆಗೆ 10 ಮಿಮೀ ಸಂದು ಸೇರಿಸಿ ಭಾಗಿಸುತ್ತಾರೆ.

```
1 / (0.230 x 0.115 x 0.080) = 473
```

ಇದರಲ್ಲಿ ಗೋಡೆಯ ದಪ್ಪಕ್ಕೂ ಒಂದು ಸಂದು ಜಾಸ್ತಿ ಸೇರಿಹೋಗಿದೆ. ಆದರೆ ಗೋಡೆಯ ಹೊರಮೈಯಲ್ಲಿ ಗಾರೆಯ ಸಂದು ಇರುವುದಿಲ್ಲ ಅಲ್ವಾ? ನಿಜವಾದ ಗೋಡೆಗೆ ಲೆಕ್ಕ ಹಾಕಿ. ವರಸೆ ಅಂದರೆ ಗೋಡೆಯಲ್ಲಿ ಇಟ್ಟಿಗೆಯ ಒಂದು ಸಾಲು. ಉದ್ದಕ್ಕೆ ಇಟ್ಟ ವರಸೆಯಲ್ಲಿ 230 ಮಿಮೀ ಉದ್ದಕ್ಕೆ ಎರಡು ಇಟ್ಟಿಗೆ, ವರಸೆಯ ಎತ್ತರ ಸಂದು ಸೇರಿ 80, ದಪ್ಪ 220.

```
2 / (0.230 x 0.080 x 0.220) = 494
```

ಅಡ್ಡ ವರಸೆಗೆ ಮಾಡಿದರೂ ಇದೇ ಉತ್ತರ ಬರುತ್ತದೆ. ಹಾಗಾಗಿ ಗೋಡೆಯನ್ನು ಇದ್ದಂತೆ 220 ಅಂತ ಅಳೆದು ದುಡ್ಡು ಕೊಡುವುದಾದರೆ ಘನ ಮೀಟರಿಗೆ 494 ಇಟ್ಟಿಗೆ. 230 ಅಂತ ಬರೆದು ಬಿಲ್ ಮಾಡುವುದಾದರೆ 473. ಎರಡೂ ಸರಿ. ಇಟ್ಟಿಗೆಯನ್ನು 494 ಅಂತ ಹಿಡಿದು, ಗೋಡೆಯನ್ನು 230 ಅಂತ ಅಳೆದರೆ ಮಾತ್ರ ಮನೆ ಕಟ್ಟಿಸುವವರ ಜೇಬಿಗೆ ಕತ್ತರಿ.

ಸಿಪಿಡಬ್ಲ್ಯುಡಿ, ಅಂದರೆ ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆಯಲ್ಲೂ 494 ಅನ್ನುವ ಸಂಖ್ಯೆ ನೋಡಿರುತ್ತೀರಿ. ಅದು ಬೇರೆ ಅಳತೆಯ ಇಟ್ಟಿಗೆಗೆ ಹಾಕಿದ್ದು, ಇಲ್ಲಿ ಹೊಂದಿಕೊಂಡದ್ದು ಆಕಸ್ಮಿಕ. 500 ಅನ್ನುವುದು 190 x 90 x 90ರ ಮಾಡ್ಯುಲರ್ ಇಟ್ಟಿಗೆಯ ಲೆಕ್ಕ, ಸಂದು ಸೇರಿಸಿದರೆ 200 x 100 x 100. ನಮ್ಮ ಹಳ್ಳಿ ಗೂಡುಗಳಲ್ಲಿ ಆ ಇಟ್ಟಿಗೆ ಸಿಗುವುದೇ ಕಷ್ಟ.

ಇಟ್ಟಿಗೆಯ ವೇಸ್ಟೇಜ್ ಅಂದರೆ ಯಾವುದು, ಯಾವುದಲ್ಲ

ಎಲ್ಲರೂ ಸುಮ್ನೆ ಐದು ಪರ್ಸೆಂಟ್ ಹಾಕುತ್ತಾರೆ. ನಾನೂ ಹಾಕುತ್ತೇನೆ, ಆದರೆ ಆ ಐದರೊಳಗೆ ಏನಿದೆ ಅಂತ ಒಮ್ಮೆ ಎಣಿಸಿ ನೋಡಿದ್ದೇನೆ. ಒಂದು ಲೋಡ್ ಬಂತು, ಬಿಲ್ 3,000 ಇಟ್ಟಿಗೆಗೆ. ಇಳಿಸಿ ಅಟ್ಟಿ ಹಾಕಿ ಎಣಿಸಿದರೆ, ಒಡೆದದ್ದೂ ಸೇರಿ 2,930. ಎಪ್ಪತ್ತು ಇಟ್ಟಿಗೆ ಬಂದೇ ಇಲ್ಲ. ಇದನ್ನು ವೇಸ್ಟೇಜ್‌ಗೆ ಸೇರಿಸಬೇಡಿ. ಅದು ಇಟ್ಟಿಗೆ ಕೊಟ್ಟವರ ಜೊತೆ ಅವತ್ತೇ, ಲಾರಿ ಹೊರಡುವ ಮೊದಲೇ ತೀರಿಸಬೇಕಾದ ಲೆಕ್ಕ. ಅದನ್ನು ವೇಸ್ಟೇಜ್ ಅಂತ ಬರೆದುಬಿಟ್ಟರೆ ಮುಂದಿನ ಪ್ರತಿ ಲೋಡಿಗೂ ಕಡಿಮೆ ಬರುವುದು ಮಾಮೂಲಾಗಿಬಿಡುತ್ತದೆ.

ಉಳಿದ 2,930ರಲ್ಲಿ ಇಳಿಸುವಾಗ ಒಡೆದದ್ದು 105. ಅದರಲ್ಲಿ ಒಳ್ಳೆಯ ಅರ್ಧಗಳನ್ನು ಮೂಲೆಗೆ, ಬಾಗಿಲ ಪಕ್ಕಕ್ಕೆ ಬಳಸಿದ್ದರಿಂದ 40 ಇಟ್ಟಿಗೆಯಷ್ಟು ವಾಪಸ್ ಬಂತು. ನಿಜವಾಗಿ ಹೋದದ್ದು 65. ಮೇಸ್ತ್ರಿ ಕರಣೆಯಲ್ಲಿ ಕಡಿಯುವಾಗ ಚೂರಾದದ್ದು ಸುಮಾರು 50. ಸರಿಯಾಗಿ ಬೇಯದೆ ನೀರಿನಲ್ಲಿ ನೆನೆಸಿದಾಗ ಮೈ ಕರಗಿದ್ದು 30. ಒಟ್ಟು 145, ಹೆಚ್ಚೂಕಮ್ಮಿ ಐದು ಪರ್ಸೆಂಟ್.

ಟಿಪ್ಪರ್‌ನಲ್ಲಿ ಸುರಿದರೆ ಈ ಲೆಕ್ಕ ನಿಲ್ಲುವುದಿಲ್ಲ, ಒಡೆಯುವುದು ತುಂಬಾ ಜಾಸ್ತಿಯಾಗುತ್ತದೆ. ಕೈಯಲ್ಲಿ ಇಳಿಸಿಕೊಳ್ಳುವುದಕ್ಕೆ ಇಟ್ಟಿಗೆಗೆ ಐವತ್ತು ಪೈಸೆ ಕೊಟ್ಟರೂ ನಷ್ಟವಿಲ್ಲ.

494ಕ್ಕೆ ಐದು ಪರ್ಸೆಂಟ್ ಸೇರಿಸಿದರೆ 519 ಇಟ್ಟಿಗೆ. ಸೈಟಿಗೆ ತಂದು ಹಾಕಲು 9 ರೂಪಾಯಿ, ಇಳಿಸಿ ಅಟ್ಟಿ ಹಾಕಲು 50 ಪೈಸೆ ಅಂದುಕೊಳ್ಳೋಣ. 519 x 9.50 ಅಂದರೆ 4,931 ರೂಪಾಯಿ.

ಗಾರೆ ಎಷ್ಟು ಹೋಗುತ್ತದೆ

ಒಂದು ಇಟ್ಟಿಗೆಯ ಗಾತ್ರ 0.22 x 0.105 x 0.07, ಅಂದರೆ 0.001617 ಘನ ಮೀಟರ್. 494 ಇಟ್ಟಿಗೆಗೆ 0.80 ಆಯಿತು. ಉಳಿದ 0.20 ಘನ ಮೀಟರ್ ಗಾರೆ ಅಂತ ಕಾಗದ ಹೇಳುತ್ತದೆ. ಸೈಟಿನಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ಇಟ್ಟಿಗೆಯ ಮೇಲಿರುವ ಗುಳಿಗೂ ಗಾರೆ ತುಂಬುತ್ತದೆ. ಹತ್ತು ಸೆಂಟಿಮೀಟರ್ ಉದ್ದ, ನಾಲ್ಕು ಸೆಂಟಿಮೀಟರ್ ಅಗಲ, ಒಂದು ಸೆಂಟಿಮೀಟರ್ ಆಳದ ಗುಳಿ ಅಂತ ಹಿಡಿದರೂ 494 ಇಟ್ಟಿಗೆಗೆ ಇನ್ನೊಂದು 0.02 ಬೇಕು. ಆಮೇಲೆ ಸಂದಿನಿಂದ ಹೊರಗೆ ಉಕ್ಕಿ ಬೀಳುವುದು, ಬಾಂಡ್ಲಿಯಲ್ಲಿ ಗಟ್ಟಿಯಾಗುವುದು, ಅಂಕುಡೊಂಕು ಇಟ್ಟಿಗೆಯನ್ನು ಸಮ ಮಾಡಲು ಹೋಗುವುದು. ಇದಕ್ಕೆ ಶೇಕಡ 13ರಷ್ಟು ಸೇರಿಸಿದರೆ 0.25 ಘನ ಮೀಟರ್. ಸಿಪಿಡಬ್ಲ್ಯುಡಿ ಹಿಡಿಯುವುದೂ 0.25.

ಇಲ್ಲಿ ಒಂದು ಎಚ್ಚರಿಕೆ ಬೇಕು. 0.25ರಲ್ಲಿ ಗಾರೆಯ ನಷ್ಟ ಆಗಲೇ ಸೇರಿದೆ. ಇದರ ಮೇಲೆ ಮತ್ತೆ "ಗಾರೆ ವೇಸ್ಟೇಜ್ 10%" ಅಂತ ಬರೆದಿರುವ ಕೊಟೇಶನ್‌ಗಳನ್ನು ಎಷ್ಟೋ ನೋಡಿದ್ದೇನೆ. ಒಂದೇ ನಷ್ಟಕ್ಕೆ ಎರಡು ಸಲ ದುಡ್ಡು ಕೊಟ್ಟಂತಾಗುತ್ತದೆ. ನಿಮ್ಮ ಕೈಗೆ ಬಂದ ಕೊಟೇಶನ್ನಿನಲ್ಲಿ ಗಾರೆ 0.25 ಅಂತಿದ್ದು ಕೆಳಗೆ ಮತ್ತೊಂದು ವೇಸ್ಟೇಜ್ ಸಾಲಿದ್ದರೆ ಕೇಳಿ.

ಒಂದು ಘನ ಮೀಟರ್ ಗಾರೆಗೆ ಆರು ಪಾಲು ಮರಳು, ಒಂದು ಪಾಲು ಸಿಮೆಂಟ್. ಏಳು ಪಾಲು ಸೇರಿ ಒಂದು ಘನ ಮೀಟರ್ ಆಗುವುದಿಲ್ಲ, ಯಾಕೆಂದರೆ ಸಿಮೆಂಟ್ ಮರಳಿನ ಸಂದುಗಳ ಒಳಗೆ ಹೋಗಿ ಕೂರುತ್ತದೆ. ಹಾಗಾಗಿ ಒಂದು ಘನ ಮೀಟರ್ ಗಾರೆಗೆ ಸುಮಾರು 1.07 ಘನ ಮೀಟರ್ ಮರಳೇ ಬೇಕು, ಜೊತೆಗೆ 250 ಕೆಜಿ ಸಿಮೆಂಟ್, ಅಂದರೆ ಐದು ಮೂಟೆ. ನಮಗೆ ಬೇಕಾದದ್ದು ಅದರ ಕಾಲು ಭಾಗ: 1.25 ಮೂಟೆ ಸಿಮೆಂಟ್, 0.27 ಘನ ಮೀಟರ್ ಮರಳು.

ಹರಿದ ಮೂಟೆ, ಗಂಟು ಕಟ್ಟಿದ ಸಿಮೆಂಟ್ ಅಂತ ಎರಡು ಪರ್ಸೆಂಟ್ ಸೇರಿಸಿ 1.28 ಮೂಟೆ ಮಾಡಿ. ಇದು ಗೋದಾಮಿನ ನಷ್ಟ, ಗಾರೆಯ ನಷ್ಟವಲ್ಲ, ಅದಕ್ಕೇ ಬೇರೆ. ಮೂಟೆಗೆ 380ರಂತೆ 486 ರೂಪಾಯಿ. ಹಳೆಯ ದರಪಟ್ಟಿಯಿಂದ ನಕಲು ಮಾಡುತ್ತಿದ್ದರೆ ಒಂದು ವಿಷಯ ನೆನಪಿಡಿ: 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ.

ಮರಳಿನ ನಷ್ಟ ಬೇರೆ ಥರ. ನೆಲದ ಮೇಲೆ ಹರಡಿ ಮಣ್ಣಿಗೆ ಸೇರುವುದು, ಜರಡಿಯಲ್ಲಿ ಉಳಿಯುವ ಜಲ್ಲಿ, ಇದಕ್ಕೆಲ್ಲ 0.30 ಘನ ಮೀಟರ್ ಹಿಡಿಯಿರಿ. ಸಿಎಫ್‌ಟಿಯಲ್ಲಿ, ಅಂದರೆ ಘನ ಅಡಿಯಲ್ಲಿ, 10.6. ಸಿಎಫ್‌ಟಿಗೆ 55 ರೂಪಾಯಿಯಾದರೆ 583.

ಮಳೆಗಾಲದಲ್ಲಿ ಇನ್ನೊಂದು ತೊಂದರೆ ಇದೆ. ಒದ್ದೆ ಮರಳು ಉಬ್ಬಿರುತ್ತದೆ. ಕಾಳು ಕಾಳಿನ ಸುತ್ತ ನೀರಿನ ಪದರ ಇದ್ದು ಒಂದನ್ನೊಂದು ದೂರ ತಳ್ಳಿರುತ್ತದೆ. ಒಂದು ಗಾಜಿನ ಬಾಟಲಿಗೆ ಮರಳನ್ನು ಒತ್ತದೆ 20 ಸೆಂಟಿಮೀಟರ್ ತುಂಬಿ, ಮುಳುಗುವಷ್ಟು ನೀರು ಹಾಕಿ ಕಲಕಿ ಬಿಡಿ. ಕೆಳಗೆ ಕೂತ ಮೇಲೆ 16 ಸೆಂಟಿಮೀಟರ್ ಆದರೆ ಮರಳು ಶೇಕಡ 25ರಷ್ಟು ಉಬ್ಬಿತ್ತು ಅಂತ ಅರ್ಥ. ಆಗ ಅಳತೆ ಲೆಕ್ಕದಲ್ಲಿ ಕೊಂಡ ಲೋಡಿನಲ್ಲೂ ನಿಮಗೆ ಮರಳು ಕಡಿಮೆ ಬಂದಿದೆ, ಆರು ಬಾಂಡ್ಲಿ ಹಾಕಿ ಕಲಸಿದ ಗಾರೆಯಲ್ಲೂ ನಿಜವಾಗಿ ಐದು ಬಾಂಡ್ಲಿಗಿಂತ ಕಡಿಮೆ ಮರಳಿದೆ. ಸಿಮೆಂಟ್ ಬೇಗ ಬೇಗ ಖಾಲಿಯಾಗುತ್ತಿದೆ ಅಂತ ಆಳುಗಳ ಮೇಲೆ ಅನುಮಾನ ಪಡುವ ಮೊದಲು ಈ ಬಾಟಲಿ ಪರೀಕ್ಷೆ ಮಾಡಿ.

ಕೂಲಿ: ಪುಸ್ತಕ ಬಿಡಿ, ನಾಲ್ಕು ದಿನ ಬರೆದಿಡಿ

ಕೂಲಿಯ ಲೆಕ್ಕ ಪುಸ್ತಕದಿಂದ ತೆಗೆದರೆ ಸಾಮಾನ್ಯವಾಗಿ ಹೊಂದುವುದಿಲ್ಲ. ಇಬ್ಬರು ಮೇಸ್ತ್ರಿ, ಮೂವರು ಕೈಯಾಳು ಇದ್ದ ನಮ್ಮ ತಂಡದ ಕೆಲಸವನ್ನು ದಿನಾ ಸಂಜೆ ಅಳೆದು ಬರೆದೆ. ಮೊದಲ ದಿನ 1.6 ಘನ ಮೀಟರ್. ಮೂಲೆ ಕಟ್ಟುವುದು, ದಾರ ಹಿಡಿಯುವುದು, ತೂಕದ ಗುಂಡು ಬಿಟ್ಟು ನೋಡುವುದು, ಇದರಲ್ಲೇ ಅರ್ಧ ದಿನ ಹೋಗುತ್ತದೆ. ಎರಡನೇ ದಿನ 2.7, ಮೂರನೇ ದಿನ 2.8. ನಾಲ್ಕನೇ ದಿನ ಗೋಡೆ ಎದೆಯೆತ್ತರ ದಾಟಿತು, ಸಾರುವೆ ಕಟ್ಟಬೇಕಾಯಿತು, ಇಟ್ಟಿಗೆ ಮೇಲಕ್ಕೆ ಎಟುಕಿಸಲು ಇನ್ನೊಬ್ಬ ಕೈಯಾಳು ಬೇಕಾದ. ಅವತ್ತು 2.1.

ನಾಲ್ಕು ದಿನಕ್ಕೆ ಒಟ್ಟು 9.2 ಘನ ಮೀಟರ್. ಮೇಸ್ತ್ರಿ ದಿನಗಳು ಎಂಟು, ಕೈಯಾಳಿನ ದಿನಗಳು ಹದಿಮೂರು. ಒಂದು ಘನ ಮೀಟರಿಗೆ 0.87 ಮೇಸ್ತ್ರಿ, 1.41 ಕೈಯಾಳು. ಮೇಸ್ತ್ರಿಗೆ 1,000, ಕೈಯಾಳಿಗೆ 700 ಅಂದರೆ 870 ಮತ್ತು 987, ಒಟ್ಟು 1,857 ರೂಪಾಯಿ.

ಎರಡನೇ, ಮೂರನೇ ದಿನವನ್ನಷ್ಟೇ ನೋಡಿ ದರ ಕಟ್ಟಿದ ಗುತ್ತಿಗೆದಾರರು ನಷ್ಟಕ್ಕೆ ಬೀಳುತ್ತಾರೆ, ಆಮೇಲೆ ಆ ನಷ್ಟ ಗೋಡೆಯ ಗುಣಮಟ್ಟದ ಮೇಲೆ ಬೀಳುತ್ತದೆ. ಮೊದಲ ದಿನವೂ ನಾಲ್ಕನೇ ದಿನವೂ ಲೆಕ್ಕದಲ್ಲಿ ಇರಲೇಬೇಕು. ಒಂದೇ ಗೋಡೆಯನ್ನು ಒಂದೇ ದಿನ ಒಂದು ಮೀಟರ್‌ಗಿಂತ ಜಾಸ್ತಿ ಏರಿಸಲು ಬಿಡಬೇಡಿ. ಹಸಿ ಗಾರೆ ಮೇಲಿನ ಭಾರಕ್ಕೆ ಹಿಸುಕಿಕೊಂಡು ಗೋಡೆ ವಾಲುತ್ತದೆ. ಕೂಲಿಯ ವೇಗಕ್ಕೆ ಇದೂ ಒಂದು ಮಿತಿ.

ಏಳು ದಿನ ನೀರು ಹೊಡೆಯುವ ಆಳಿಗೆ 70, ನೀರಿಗೆ 50, ಸಾರುವೆಯ ಬೊಂಬು ಹಲಗೆಗೆ 120 ಅಂತ ಹಿಡಿದಿದ್ದೇನೆ. ಮೂರೂ ಸೇರಿ 240. ಟ್ಯಾಂಕರ್ ನೀರು ತರಿಸುವ ಕಡೆ ನೀರಿನ ಖರ್ಚು ಬೇರೆಯೇ ಆಗುತ್ತದೆ.

ಈಗ ಒಟ್ಟು ಹಾಕೋಣ

ಇಟ್ಟಿಗೆ: 4,931
ಸಿಮೆಂಟ್: 486
ಮರಳು: 583
ಕೂಲಿ: 1,857
ಸಾರುವೆ, ನೀರು, ಕ್ಯೂರಿಂಗ್: 240
ಸೇರಿ: 8,097
ಗುತ್ತಿಗೆದಾರರ ಲಾಭ ಮತ್ತು ಮೇಲ್ಖರ್ಚು ಶೇಕಡ 15: 1,215
ಒಂದು ಘನ ಮೀಟರಿಗೆ: 9,312 ರೂಪಾಯಿ

ಸಿಎಫ್‌ಟಿ ಲೆಕ್ಕದಲ್ಲಿ ಮಾತಾಡುವವರಿಗೆ 35.315ರಿಂದ ಭಾಗಿಸಿ, ಸುಮಾರು 264. ಗುತ್ತಿಗೆಯ ಮೇಲಿನ ಜಿಎಸ್‌ಟಿ ಇದರಲ್ಲಿ ಸೇರಿಲ್ಲ.

ಈ ಪಟ್ಟಿಯನ್ನು ಒಂದು ಸಲ ಮೇಲಿಂದ ಕೆಳಗೆ ಓದಿ. ದುಡ್ಡಿನ ಅರ್ಧಕ್ಕಿಂತ ಜಾಸ್ತಿ ಇಟ್ಟಿಗೆಯಲ್ಲೇ ಇದೆ. ಸಿಮೆಂಟ್ ಇಪ್ಪತ್ತರಲ್ಲಿ ಒಂದು ಪಾಲು. ಸಿಮೆಂಟ್ ಮೂಟೆಗೆ 20 ರೂಪಾಯಿ ಏರಿದರೆ ಘನ ಮೀಟರಿಗೆ ಬೀಳುವುದು 26 ರೂಪಾಯಿ. ಇಟ್ಟಿಗೆಗೆ ಬರೀ 50 ಪೈಸೆ ಏರಿದರೆ 260. ಮನೆ ಕಟ್ಟಿಸುವವರು ಸಿಮೆಂಟ್ ಅಂಗಡಿಯಲ್ಲಿ ಅರ್ಧ ದಿನ ಚೌಕಾಸಿ ಮಾಡಿ, ಇಟ್ಟಿಗೆ ಲೋಡನ್ನು ಎಣಿಸದೆ ಇಳಿಸಿಕೊಳ್ಳುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಅಳತೆಯಲ್ಲಿ ಹೋಗುವ ದುಡ್ಡು

9,312 ಅನ್ನುವುದು 220 ಮಿಮೀ ಗೋಡೆಯ ದರ. ಬಿಲ್ಲಿನಲ್ಲಿ 230 ಅಂತ ಬರೆಯುವುದಾದರೆ ದರವನ್ನು 220/230ರಿಂದ ಗುಣಿಸಬೇಕು, ಆಗ 8,907. ನಮ್ಮ ಮೇಸ್ತ್ರಿಗೆ ಇದನ್ನು ಹೇಳಿದಾಗ ಅವರು, "ಸಾರ್, ಒಂಬತ್ತಿಂಚು ಗೋಡೆ ಅಂದ್ರೆ ಒಂಬತ್ತಿಂಚೇ, ಎಲ್ಲಾ ಕಡೆ ಹಂಗೇ ಬರೆಯೋದು" ಅಂದರು. ಅವರು ಮೋಸ ಮಾಡಲು ಹೇಳಿದ್ದಲ್ಲ, ಎಲ್ಲಾ ಕಡೆ ಹಾಗೇ ಬರೆಯುತ್ತಾರೆ. ಬರೆಯಲಿ, ಆದರೆ ದರವೂ ಅದಕ್ಕೆ ಹೊಂದಬೇಕು. 230ರ ಲೆಕ್ಕದಲ್ಲಿ 40 ಘನ ಮೀಟರ್ ಬಿಲ್ ಆದ ಮನೆಯಲ್ಲಿ 220ರ ದರ ಕೊಟ್ಟುಬಿಟ್ಟರೆ ಸುಮಾರು 16,200 ರೂಪಾಯಿ ಸುಮ್ನೆ ಹೋಗುತ್ತದೆ.

ಕಿಟಕಿ, ಬಾಗಿಲು, ಲಿಂಟಲ್‌ಗಳನ್ನು ಕಳೆಯಬೇಕು. ಐಎಸ್ 1200ರ ಪ್ರಕಾರ 0.1 ಚದರ ಮೀಟರ್‌ವರೆಗಿನ ಸಣ್ಣ ತೂತುಗಳನ್ನು ಮಾತ್ರ ಕಳೆಯುವುದಿಲ್ಲ. ನಾಲ್ಕೂವರೆ ಇಂಚಿನ ಗೋಡೆಯನ್ನು ಘನ ಮೀಟರಿನಲ್ಲಿ ಅಳೆಯಲೇಬೇಡಿ, ಅದಕ್ಕೆ ಚದರ ಮೀಟರಿನ ಬೇರೆ ದರ ಕಟ್ಟಬೇಕು. ಅಲ್ಲಿ ಒಂದು ಘನ ಮೀಟರಿಗೆ ಮೇಸ್ತ್ರಿಯ ಸಮಯ ಇದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಮೊದಲ ಅಂತಸ್ತಿಗೂ ಇದೇ ದರ ನಡೆಯುವುದಿಲ್ಲ. ಇಟ್ಟಿಗೆ, ಗಾರೆ ಅಷ್ಟೇ ಇರುತ್ತದೆ, ಹೊತ್ತು ಏರಿಸುವ ಕೈಯಾಳಿನ ದಿನಗಳು ಏರುತ್ತವೆ.

ಕಟ್ಟಿದ ಮೇಲೆ ಹತ್ತು ವರಸೆ ಅಳೆಯಿರಿ

ದರ ಕಟ್ಟಿದ್ದು 10 ಮಿಮೀ ಸಂದಿಗೆ. ಗೋಡೆಯಲ್ಲಿ ಅದು ಇದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಟೇಪಿನ ತುದಿಯನ್ನು ಒಂದು ವರಸೆಯ ಮೇಲಂಚಿಗೆ ಹಿಡಿದು, ಅದರ ಮೇಲಿನ ಹತ್ತು ವರಸೆ ಎಣಿಸಿ, ಹತ್ತನೆಯದರ ಮೇಲಂಚಿನವರೆಗೆ ಅಳೆಯಿರಿ. ನಮ್ಮ ಇಟ್ಟಿಗೆಗೆ 800 ಮಿಮೀ ಬರಬೇಕು. 850 ಬಂದರೆ ಸಂದು 15 ಮಿಮೀ ಆಗಿದೆ.

ಆಗ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. ಎಲ್ಲಾ ಸಂದೂ 15 ಮಿಮೀ ಆದರೆ ಘನ ಮೀಟರಿಗೆ ಇಟ್ಟಿಗೆ 494ರಿಂದ 445ಕ್ಕೆ ಇಳಿಯುತ್ತದೆ, ಗಾರೆ 0.25ರಿಂದ 0.34ಕ್ಕೆ ಏರುತ್ತದೆ. ಇಟ್ಟಿಗೆಯಲ್ಲಿ ಉಳಿಯುವುದು ಸುಮಾರು 490 ರೂಪಾಯಿ, ಗಾರೆಗೆ ಜಾಸ್ತಿ ಹೋಗುವುದು ಸುಮಾರು 370. ಅಂದರೆ ದಪ್ಪ ಸಂದು ಕಟ್ಟುವವರಿಗೆ ಘನ ಮೀಟರಿಗೆ ನೂರು ರೂಪಾಯಿಗೂ ಮೇಲೆ ಉಳಿತಾಯ, ಗೋಡೆಯೂ ಬೇಗ ಏರುತ್ತದೆ. ಗಾರೆ ಜಾಸ್ತಿ ಹಾಕಿದ್ದಾರೆ, ಗೋಡೆ ಗಟ್ಟಿ ಅಂತ ಮನೆಯವರು ಅಂದುಕೊಳ್ಳುತ್ತಾರೆ. ನಿಜಕ್ಕೂ ಸಂದು ದಪ್ಪವಾದಷ್ಟೂ ಗೋಡೆಯ ಬಲ ಕಡಿಮೆಯಾಗುತ್ತದೆ.

ಕೆಲವೊಮ್ಮೆ ತಪ್ಪು ಮೇಸ್ತ್ರಿಯದಲ್ಲ, ಇಟ್ಟಿಗೆಯದು. ಅಂಕುಡೊಂಕಾದ ಇಟ್ಟಿಗೆಯನ್ನು ಹತ್ತು ಮಿಲಿಮೀಟರಿನಲ್ಲಿ ಸಮ ಮಾಡಲು ಯಾರಿಗೂ ಆಗುವುದಿಲ್ಲ. ಹಾಗಿದ್ದರೆ ಆ 20 ಇಟ್ಟಿಗೆಯ ಸಾಲಿಗೆ ವಾಪಸ್ ಹೋಗಿ, ಈ ಲೋಡಿನ ಅಳತೆ ಮತ್ತೆ ತೆಗೆದು, ಸಂದು 12 ಅಂತ ಹಿಡಿದು ದರ ಮತ್ತೊಮ್ಮೆ ಕಟ್ಟಿ. ಹತ್ತು ವರಸೆಯ ಅಳತೆಯನ್ನೂ ಗೋಡೆಯ ದಪ್ಪವನ್ನೂ ಪ್ಲಾಸ್ಟರ್ ಮಾಡುವ ಮೊದಲೇ, ಮನೆಯವರೂ ಗುತ್ತಿಗೆದಾರರೂ ಇಬ್ಬರೂ ಎದುರಿಗಿದ್ದು ಅಳತೆ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ.